ಗಾಳಿಗೆ ಎದ್ದ ಶೀಟು ಛಾವಣಿ: ದೋಷವನ್ನು ಎರಡನೆಯ ಸಾಲಿನಲ್ಲಿ ಹುಡುಕಿ

ಚಂಡಮಾರುತ ಹಾದುಹೋದ ಮರುದಿನ ಉಕ್ಕಿನ ಶೀಟಿನ ಛಾವಣಿಯ ಒಂದು ಮೂಲೆ ಮಡಚಿಕೊಂಡು ನಿಂತಿದ್ದರೆ ಎಲ್ಲರ ಕಣ್ಣು ಮೊದಲು ಸೂರಿನ ಅಂಚಿಗೆ ಹೋಗುತ್ತದೆ. ಅಲ್ಲಿ ಸ್ಕ್ರೂ ಕಡಿಮೆಯಾಯಿತು ಎಂದು ತೀರ್ಮಾನಿಸಿ ಅಂಚಿನ ಸಾಲಿಗೆ ಇನ್ನಷ್ಟು ಸ್ಕ್ರೂ ಬಿಗಿದು ಕೆಲಸ ಮುಗಿಸುತ್ತಾರೆ. ಮುಂದಿನ ಗಾಳಿಗೆ ಅದೇ ಮೂಲೆ ಮತ್ತೆ ಏಳುತ್ತದೆ. ಇಂಥ ಛಾವಣಿಗಳನ್ನು ಏರಿ ನೋಡಿದಾಗಲೆಲ್ಲ ನನಗೆ ಹೆಚ್ಚಾಗಿ ಕಂಡಿರುವುದು ಒಂದೇ ಸಂಗತಿ: ಶೀಟು ಎದ್ದ ಜಾಗ ಒಂದು, ಅದು ಸೋಲಲು ಶುರುವಾದ ಜಾಗ ಇನ್ನೊಂದು. ಸೋಲು ಶುರುವಾಗುವುದು ಬಹಳ ಸಲ ಅಂಚಿನಿಂದ ಒಳಗಿನ ಎರಡನೆಯ ಪರ್ಲಿನ್ ಮೇಲೆ, ಅಂದರೆ ಶೀಟನ್ನು ಹೊರುವ ಅಡ್ಡ ತೊಲೆಗಳಲ್ಲಿ ಎರಡನೆಯದರ ಮೇಲೆ. ಅದು ಏಕೆ, ಅದನ್ನು ಹೇಗೆ ಗುರುತಿಸಬೇಕು ಮತ್ತು ಸ್ಕ್ರೂಗಳ ಅಂತರವನ್ನು ಹೇಗೆ ಲೆಕ್ಕ ಹಾಕಿ ಸರಿಪಡಿಸಬೇಕು ಎಂಬುದನ್ನು ಒಂದು ಶೆಡ್ಡಿನ ಉದಾಹರಣೆಯ ಮೂಲಕ ಹೇಳುತ್ತೇನೆ.

ಮೊದಲು ತೂತುಗಳನ್ನು ಓದಿ

ಹೊಸ ಸ್ಕ್ರೂ ಹಾಕುವ ಮೊದಲು ಹಳೆಯ ತೂತುಗಳನ್ನು ನೋಡಬೇಕು. ಬಿದ್ದ ಶೀಟನ್ನು ಗುಜರಿಗೆ ಕೊಟ್ಟುಬಿಟ್ಟರೆ ಇದ್ದ ಸಾಕ್ಷಿಯೂ ಹೋದಂತೆ. ಆದ್ದರಿಂದ ತೆರವು ಮಾಡುವವರು ಬರುವ ಮುನ್ನವೇ ಯಾವ ಶೀಟು ಯಾವ ಜಾಗದ್ದು ಎಂದು ಬಣ್ಣದಲ್ಲಿ ಬರೆದಿಟ್ಟುಕೊಳ್ಳಿ. ಸಡಿಲವಾದ ಛಾವಣಿಯ ಮೇಲೆ ಕಾಲಿಡಬೇಡಿ. ಮೊದಲ ಪರಿಶೀಲನೆಯನ್ನು ಕೆಳಗಿನಿಂದ, ಏಣಿಯ ಮೇಲಿಂದ ಮತ್ತು ಬಿದ್ದ ತುಂಡುಗಳಿಂದ ಮಾಡಿದರೆ ಸಾಕು.

ಸ್ಕ್ರೂ ಪರ್ಲಿನ್‌ನಲ್ಲೇ ಗಟ್ಟಿಯಾಗಿ ನಿಂತಿದ್ದು, ವಾಷರ್ ಕೂಡ ಅದರ ಕುತ್ತಿಗೆಯಲ್ಲೇ ಉಳಿದಿದ್ದು, ಶೀಟು ಮಾತ್ರ ಅದರ ತಲೆಯ ಮೇಲಿಂದ ಹರಿದು ಹೋಗಿದ್ದರೆ ಸೋತದ್ದು ಶೀಟು. ಆಗ ತೂತಿನ ಅಂಚನ್ನು ಹತ್ತಿರದಿಂದ ನೋಡಿ. ಒಂದೇ ಜೋರು ಎಳೆತಕ್ಕೆ ಹರಿದಿದ್ದರೆ ತೂತಿನ ಸುತ್ತಲಿನ ಲೋಹ ಬಟ್ಟಲಿನಂತೆ ಕೆಳಕ್ಕೆ ಬಾಗಿ, ವಾಷರ್‌ನ ಅಚ್ಚಿನ ಅಳತೆಯಲ್ಲಿ ಕಿತ್ತಿರುತ್ತದೆ. ತೂತಿನಿಂದ ನಕ್ಷತ್ರದಂತೆ ಎರಡು, ಮೂರು ಅಥವಾ ನಾಲ್ಕು ದಿಕ್ಕಿಗೆ ಸೀಳುಗಳು ಹೊರಟಿದ್ದು, ಆ ಸೀಳಿನ ಬಾಯಿ ಹೆಚ್ಚು ಬಾಗದೆ ಚೂಪಾಗಿದ್ದರೆ ಅದು ಲೋಹದ ದಣಿವು. ತಂತಿಯನ್ನು ಹತ್ತಾರು ಸಲ ಅತ್ತಿತ್ತ ಬಗ್ಗಿಸಿದರೆ ತುಂಡಾಗುತ್ತದಲ್ಲ, ಅದೇ ರೀತಿ. ಸೀಳಿನ ಒಂದು ಭಾಗದಲ್ಲಿ ತುಕ್ಕು ಹಿಡಿದು ಉಳಿದ ಭಾಗ ಹೊಳೆಯುತ್ತಿದ್ದರೆ ಆ ಸೀಳು ಹಿಂದಿನ ಯಾವುದೋ ಗಾಳಿಯಲ್ಲೇ ಹುಟ್ಟಿತ್ತು ಎಂದು ಅರ್ಥ.

ಸ್ಕ್ರೂ ಶೀಟಿನ ಜೊತೆಗೇ ಎದ್ದು ಬಂದಿದ್ದರೆ ಸೋತದ್ದು ಪರ್ಲಿನ್‌ನ ಹಿಡಿತ. ಸ್ಕ್ರೂವಿನ ಮರೆಗಳನ್ನು, ಅಂದರೆ ಅದರ ಮೈಮೇಲಿನ ಸುರುಳಿ ಗೀರುಗಳನ್ನು ನೋಡಿ. ಮರೆಗಳ ನಡುವೆ ಲೋಹದ ಸುರುಳಿ ಅಂಟಿಕೊಂಡಿದ್ದರೆ ಪರ್ಲಿನ್‌ನ ತೂತಿನ ಅಂಚೇ ಕಿತ್ತು ಬಂದಿದೆ. ಬಿಗಿಯುವಾಗಲೇ ಯಂತ್ರವನ್ನು ಅತಿಯಾಗಿ ತಿರುಗಿಸಿ ತೂತನ್ನು ಸವೆಸಿಬಿಟ್ಟಿದ್ದರೂ ಹೀಗಾಗುತ್ತದೆ. ಮರೆಗಳು ತುಕ್ಕು ಪುಡಿಯಿಂದ ತುಂಬಿದ್ದರೆ ಪರ್ಲಿನ್ ಒಳಗಿನಿಂದ ತೆಳುವಾಗಿದೆ. ಮರದ ಪರ್ಲಿನ್ ಆಗಿದ್ದರೆ ಮರೆಗಳಲ್ಲಿ ಮರದ ನಾರು ಇರಬೇಕು. ಕಂದು ಹುಡಿ ಮಾತ್ರ ಇದ್ದರೆ ಆ ಮರ ಕೊಳೆತಿದೆ ಎಂದೇ ತಿಳಿಯಬೇಕು.

ಸ್ಕ್ರೂವಿನ ತಲೆಯೇ ಹಾರಿ ಹೋಗಿದ್ದರೆ ಕಾರಣ ಸಾಮಾನ್ಯವಾಗಿ ವಾಷರ್ ಅಡಿಯ ತುಕ್ಕು. ಇದು ಮೇಲಿನಿಂದ ಕಾಣುವುದಿಲ್ಲ. ಇನ್ನು ಶೀಟು, ಸ್ಕ್ರೂ, ಪರ್ಲಿನ್ ಮೂರೂ ಒಟ್ಟಾಗಿ ಹಾರಿದ್ದರೆ ಸ್ಕ್ರೂಗಳು ತಮ್ಮ ಕೆಲಸವನ್ನು ಮಾಡಿವೆ. ದೋಷ ಪರ್ಲಿನ್ ಮತ್ತು ಅದನ್ನು ಹೊರುವ ಇಳಿಜಾರು ತೊಲೆಯಾದ ರಾಫ್ಟರ್ ಸೇರುವ ಕಡೆ ಇದೆ.

ಎರಡನೆಯ ಪರ್ಲಿನ್ ಮೇಲೇ ಏಕೆ?

ಗಾಳಿ ಛಾವಣಿಯನ್ನು ಕೆಳಗಿನಿಂದ ತಳ್ಳಿ ಎಬ್ಬಿಸುತ್ತದೆ ಎಂಬ ಕಲ್ಪನೆ ಅರ್ಧ ಮಾತ್ರ ನಿಜ. ಹೆಚ್ಚಿನ ಬಲ ಮೇಲಿನ ಸೆಳೆತದ್ದು. ಗೋಡೆಗೆ ಬಡಿದ ಗಾಳಿ ಸೂರಿನ ಅಂಚನ್ನು ದಾಟುವಾಗ ಛಾವಣಿಗೆ ಅಂಟಿಕೊಂಡು ಹರಿಯಲಾರದೆ ಬಿಟ್ಟು ಹಾರುತ್ತದೆ. ಅದು ಬಿಟ್ಟ ಜಾಗದಲ್ಲಿ ಸುಳಿಗಳು ಹುಟ್ಟಿ, ಅಲ್ಲಿ ಒತ್ತಡ ಕುಸಿದು, ಶೀಟನ್ನು ಮೇಲಕ್ಕೆ ಸೆಳೆಯುತ್ತವೆ. ಈ ಸೆಳೆತ ಸೂರಿನಲ್ಲೂ ತ್ರಿಕೋನ ಗೋಡೆಯ ಕಡೆಯ ಅಂಚಿನಲ್ಲೂ ತೀವ್ರ; ಇವೆರಡು ಕೂಡುವ ಮೂಲೆಯಲ್ಲಿ ಇನ್ನೂ ತೀವ್ರ. ಇಳಿಜಾರು ಸುಮಾರು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಿಡ್ಜ್ ದಾಟುವಾಗ, ಅಂದರೆ ಛಾವಣಿಯ ನೆತ್ತಿಯಲ್ಲಿ, ಗಾಳಿ ಮತ್ತೊಮ್ಮೆ ಹಾಗೆಯೇ ಬಿಡುತ್ತದೆ. ಗಾಳಿಯ ದಿಕ್ಕು ತಿರುಗುತ್ತಲೇ ಇರುವುದರಿಂದ ರಿಡ್ಜ್‌ನ ಎರಡೂ ಬದಿಯನ್ನು ಅಂಚಿನಂತೆಯೇ ಎಣಿಸಬೇಕು. ಇಂಥ ಪಟ್ಟಿಗಳಲ್ಲಿ ಸೆಳೆತ ನಡು ಛಾವಣಿಯ ಒಂದೂವರೆ ಪಟ್ಟು, ಅಂಚಿಗೆ ತೀರ ಹತ್ತಿರ ಎರಡು ಪಟ್ಟು ಎಂದು ಹಿಡಿಯುವುದು ವಾಡಿಕೆ. ಪಟ್ಟಿಯ ಅಗಲವನ್ನು ಆಯಾ ದೇಶದ ಕಟ್ಟಡ ಸಂಹಿತೆ ಬೇರೆಬೇರೆಯಾಗಿ ಹೇಳುತ್ತದೆ. ಸಣ್ಣ ಕಟ್ಟಡಗಳಿಗೆ ಅದು ಕಿರಿಯ ಬದಿಯ ಹತ್ತನೆಯ ಒಂದರಿಂದ ಐದನೆಯ ಒಂದು ಭಾಗದ ನಡುವೆ ಬರುತ್ತದೆ.

ಇಷ್ಟನ್ನೇ ನೋಡಿದರೆ ಅಂಚಿನ ಪರ್ಲಿನ್ನೇ ಹೆಚ್ಚು ಹೊರಬೇಕು ಎನಿಸುತ್ತದೆ. ಆದರೆ ಶೀಟು ಒಂದು ಪರ್ಲಿನ್‌ನಿಂದ ಇನ್ನೊಂದಕ್ಕೆ ತುಂಡಾಗದೆ ಸಾಗುತ್ತದೆ. ಮೂರು ಸಮ ಅಂತರಗಳ ಮೇಲೆ, ಅಂದರೆ ನಾಲ್ಕು ಪರ್ಲಿನ್‌ಗಳ ಮೇಲೆ ಹಾಯುವ ಶೀಟಿನಲ್ಲಿ ಕೊನೆಯ ಪರ್ಲಿನ್‌ಗೆ ಒಂದು ಅಂತರದ ಬಲದಲ್ಲಿ 0.4 ಭಾಗ ಮಾತ್ರ ಬರುತ್ತದೆ, ಅದರ ಒಳಗಿನದಕ್ಕೆ 1.1 ಭಾಗ ಬರುತ್ತದೆ. ಎರಡೇ ಅಂತರಗಳಾದರೆ ನಡುವಿನದು 1.25 ಭಾಗ ಹೊರುತ್ತದೆ. ಸೂರಿನ ಚಾಚನ್ನು ಸೇರಿಸಿಕೊಂಡರೂ ಎರಡನೆಯ ಪರ್ಲಿನ್ ಮೊದಲನೆಯದರ ಸುಮಾರು ಎರಡು ಪಟ್ಟು ಹೊರುತ್ತದೆ. ಕೆಲಸಗಾರರು ಅಂಚಿನ ಸಾಲಿನಲ್ಲಿ ಶೀಟಿನ ಪ್ರತಿ ಏಣಿಗೂ, ಅಂದರೆ ಪ್ರತಿ ಉಬ್ಬು ಗೆರೆಗೂ ಸ್ಕ್ರೂ ಹಾಕಿ, ಎರಡನೆಯ ಸಾಲಿನಿಂದ ಒಂದು ಬಿಟ್ಟು ಒಂದು ಏಣಿಗೆ ಹಾಕುವುದು ತೀರ ಸಾಮಾನ್ಯ. ಅಂದರೆ ಕಡಿಮೆ ಹೊರುವ ಕಡೆ ಹೆಚ್ಚು ಸ್ಕ್ರೂ, ಹೆಚ್ಚು ಹೊರುವ ಕಡೆ ಕಡಿಮೆ ಸ್ಕ್ರೂ ಬೀಳುತ್ತದೆ.

ಇದರ ಮೇಲೆ ದಣಿವಿನ ಪ್ರಶ್ನೆ ಬರುತ್ತದೆ. 1974ರ ಡಿಸೆಂಬರ್ 25ರ ಬೆಳಗಿನ ಜಾವ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ಟ್ರೇಸಿ ಚಂಡಮಾರುತ ಅಪ್ಪಳಿಸಿತು. ವಿಮಾನ ನಿಲ್ದಾಣದ ಗಾಳಿಮಾಪಕ ಗಂಟೆಗೆ 217 ಕಿಲೋಮೀಟರ್ ವೇಗ ತೋರಿಸಿ ಕೆಟ್ಟುನಿಂತಿತು. ಅಲ್ಲಿನ ತೆಳು ಉಕ್ಕಿನ ಶೀಟುಗಳು ಸ್ಥಿರ ಭಾರದ ಪರೀಕ್ಷೆಯಲ್ಲಿ ತಾಳುವಂಥವೇ ಆಗಿದ್ದವು. ಗಂಟೆಗಟ್ಟಲೆ ಗಾಳಿ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದಾಗ ಸ್ಕ್ರೂಗಳ ಸುತ್ತ ಸೀಳು ಹುಟ್ಟಿ, ಸ್ಥಿರ ಪರೀಕ್ಷೆ ಹೇಳಿದ್ದಕ್ಕಿಂತ ಬಹಳ ಕಡಿಮೆ ಬಲಕ್ಕೇ ಅವು ಹಾರಿಹೋದವು. ಆ ಬಳಿಕ ಅಲ್ಲಿ ಶೀಟನ್ನು ವಿನ್ಯಾಸದ ಬಲಕ್ಕೆ 10,000 ಸಲ ಎಳೆದು ಬಿಟ್ಟು ಪರೀಕ್ಷಿಸುವ ಕ್ರಮ ಬಂತು. ನಮ್ಮ ಪರಿಶೀಲನೆಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ತಯಾರಕರ ಪಟ್ಟಿಯಲ್ಲಿ ಸ್ಕ್ರೂ ಒಂದಕ್ಕೆ ಎರಡು ಅಂಕಿಗಳಿರಬಹುದು, ಒಂದು ಸ್ಥಿರ ಬಲಕ್ಕೆ, ಇನ್ನೊಂದು ಆವರ್ತ ಬಲಕ್ಕೆ. ಚಂಡಮಾರುತದ ಪ್ರದೇಶದಲ್ಲಿ ಎರಡನೆಯದನ್ನೇ ಬಳಸಬೇಕು. ಒಂದೇ ಅಂಕಿ ಇದ್ದು ಅದು ಯಾವುದೆಂದು ಬರೆದಿಲ್ಲದಿದ್ದರೆ ಅದು ಸ್ಥಿರ ಬಲದ್ದೆಂದೇ ತಿಳಿದು ತಯಾರಕರನ್ನು ಕೇಳಬೇಕು.

ಒಂದು ಶೆಡ್ಡಿನ ಲೆಕ್ಕ

ನಾನು ಪರಿಶೀಲಿಸಿದ ಒಂದು ಶೆಡ್ಡು 8 ಮೀಟರ್ ಅಗಲ, 12 ಮೀಟರ್ ಉದ್ದ, ಸೂರಿನ ಎತ್ತರ 4 ಮೀಟರ್, ಇಳಿಜಾರು 10 ಡಿಗ್ರಿ. ಪ್ರತಿ ಇಳಿಜಾರಿನಲ್ಲಿ 1.3 ಮೀಟರ್ ಅಂತರದ ನಾಲ್ಕು ಉಕ್ಕಿನ ಪರ್ಲಿನ್‌ಗಳಿದ್ದವು. ಶೀಟಿನ ಏಣುಗಳ ನಡುವೆ 200 ಮಿಲಿಮೀಟರ್ ಇತ್ತು. ಮೊದಲ ಗಾಳಿಗೆ ಒಂದು ಮೂಲೆ ಎದ್ದಾಗ ಮಾಲೀಕರು ಸೂರಿನ ಪರ್ಲಿನ್‌ಗೆ ಪ್ರತಿ ಏಣಿನಲ್ಲೂ ಸ್ಕ್ರೂ ಹಾಕಿಸಿದ್ದರು. ಉಳಿದ ಮೂರು ಸಾಲುಗಳಲ್ಲಿ ಒಂದು ಬಿಟ್ಟು ಒಂದು ಏಣಿಗೆ, ಅಂದರೆ 400 ಮಿಲಿಮೀಟರಿಗೆ ಒಂದು ಸ್ಕ್ರೂ ಇತ್ತು. ಎರಡನೆಯ ಗಾಳಿಗೆ ಅದೇ ಮೂಲೆ ಮತ್ತೆ ಎದ್ದಿತು, ಈ ಸಲ ದೊಡ್ಡ ಬಾಗಿಲೂ ಒಳಕ್ಕೆ ಕುಸಿದಿತ್ತು.

ಸೂರಿನ ಸಾಲಿನ ತೂತುಗಳು ಬಟ್ಟಲಿನಂತೆ ಬಾಗಿ ಹರಿದಿದ್ದವು. ಒಂದೇ ಎಳೆತದ ಗುರುತು ಅದು. ಎರಡನೆಯ ಸಾಲಿನಲ್ಲಿ ತ್ರಿಕೋನ ಗೋಡೆಯ ಬಳಿಯ ಐದು ತೂತುಗಳಲ್ಲಿ ನಕ್ಷತ್ರದ ಸೀಳುಗಳು ಕಂಡವು, ಅವುಗಳಲ್ಲಿ ಎರಡರ ಒಳಬದಿ ತುಕ್ಕು ಹಿಡಿದಿತ್ತು. ಅಲ್ಲಿಗೆ ಕ್ರಮ ಸ್ಪಷ್ಟವಾಯಿತು. ಎರಡನೆಯ ಸಾಲು ಮೊದಲೇ ಬಿರುಕು ಬಿಟ್ಟಿತ್ತು. ಅದು ಕೈಬಿಟ್ಟ ಮೇಲೆ ಶೀಟು 2.6 ಮೀಟರ್ ಉದ್ದಕ್ಕೆ ಆಸರೆ ಇಲ್ಲದೆ ಎದ್ದು ಬಡಿದು ಸೂರಿನ ಸಾಲನ್ನು ಕಿತ್ತಿತು.

ಈಗ ಅಂಕಿಗಳು. ಆ ಜಾಗಕ್ಕೆ ವಿನ್ಯಾಸದ ಗಾಳಿಯ ವೇಗವನ್ನು ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ಎಂದು ಇಟ್ಟುಕೊಂಡೆ. ಗಾಳಿಯ ಮೂಲ ಒತ್ತಡ ವೇಗದ ವರ್ಗವನ್ನು 0.6ರಿಂದ ಗುಣಿಸಿದಷ್ಟು:

```
q = 0.6 × 50 × 50 = 1500 Pa = 1.5 kPa
```

ಇದು ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಭಾರಕ್ಕೆ ಸಮ. ಶೀಟಿನ ಸ್ವಂತ ತೂಕ ಚದರ ಮೀಟರಿಗೆ 5 ಕಿಲೋಗ್ರಾಂ ಆಸುಪಾಸು ಇರುವುದರಿಂದ ಛಾವಣಿಯ ಭಾರವೇ ಅದನ್ನು ಹಿಡಿದಿಡುತ್ತದೆ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಹೊರಗಿನ ಸೆಳೆತದ ಗುಣಕವನ್ನು, ಅಂದರೆ ಸೆಳೆತ ಮೂಲ ಒತ್ತಡದ ಎಷ್ಟು ಪಟ್ಟು ಎಂಬುದನ್ನು 0.9 ಎಂದು ಹಿಡಿದರೆ, ಅಂಚಿಗೆ ತೀರ ಹತ್ತಿರದ ಎರಡು ಪಟ್ಟು ಸೇರಿ ಅದು 1.8 ಆಗುತ್ತದೆ. ಬಾಗಿಲು ಕಿಟಕಿ ಮುಚ್ಚಿದ್ದಾಗ ಒಳಗಿನಿಂದ 0.2 ಕೂಡುತ್ತದೆ. ಗಾಳಿಗೆ ಎದುರಾದ ದೊಡ್ಡ ಬಾಗಿಲು ಕುಸಿದರೆ ಒಳಗೆ ಗಾಳಿ ತುಂಬಿ ಅದೇ 0.7 ಆಗುತ್ತದೆ.

ಎರಡನೆಯ ಪರ್ಲಿನ್‌ನ ಪ್ರತಿ ಸ್ಕ್ರೂವಿನ ಪಾಲಿಗೆ ಬರುವ ಪ್ರದೇಶ 1.1 × 1.3 × 0.4, ಅಂದರೆ 0.57 ಚದರ ಮೀಟರ್. ತ್ರಿಕೋನ ಗೋಡೆಯ ಬಳಿ ಅದರ ಮೇಲಿನ ಬಲ ಹೀಗೆ:

```
ಬಾಗಿಲು ಮುಚ್ಚಿದಾಗ:  (1.8 + 0.2) × 1.5 × 0.57 = 1.7 kN
ಬಾಗಿಲು ಕುಸಿದಾಗ:   (1.8 + 0.7) × 1.5 × 0.57 = 2.1 kN
```

ಆ ಶೀಟಿಗೆ, ಆ ಸ್ಕ್ರೂವಿಗೆ, ವಾಡಿಕೆಯ ವಾಷರ್‌ನೊಂದಿಗೆ ತಯಾರಕರ ಆವರ್ತ ಬಲದ ಮಿತಿ 1.2 ಕಿಲೋನ್ಯೂಟನ್ ಇತ್ತು, ಅಂದರೆ ಸುಮಾರು 120 ಕಿಲೋಗ್ರಾಂ ಎಳೆತ. ಬಾಗಿಲು ಗಟ್ಟಿಯಾಗಿ ನಿಂತಿದ್ದರೂ ಆ ಸ್ಕ್ರೂಗಳು ಮಿತಿಯನ್ನು ಮೀರುತ್ತಿದ್ದವು. ಮೂಲೆಯಿಂದ ದೂರದಲ್ಲಿ, ಒಂದೂವರೆ ಪಟ್ಟಿನ ಪಟ್ಟಿಯಲ್ಲಿ, ಗುಣಕ 1.35 ಆಗಿ ಬಾಗಿಲು ಮುಚ್ಚಿದ್ದಾಗಲೂ ಬಲ 1.3 ಕಿಲೋನ್ಯೂಟನ್ ಬರುತ್ತದೆ. ಅಲ್ಲೂ ಮಿತಿ ಮೀರಿದೆ, ಸ್ವಲ್ಪವೇ ಮೀರಿರುವುದರಿಂದ ಸೀಳು ಇನ್ನೂ ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಒಂದು ಸ್ಕ್ರೂವಿನ ಪಾಲಿನ ಪ್ರದೇಶವೆಲ್ಲ ತೀವ್ರ ಪಟ್ಟಿಯಲ್ಲೇ ಇದೆ ಎಂದು ಹಿಡಿದಿದ್ದೇನೆ. ನಿಜದಲ್ಲಿ ಸ್ವಲ್ಪ ಭಾಗ ಹೊರಗಿರಬಹುದು. ಆ ರಿಯಾಯಿತಿಯನ್ನು ನಾನು ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಸಂಗತಿ ಈ ಶೆಡ್ಡು ಕಲಿಸಿತು. 8 ಮೀಟರ್ ಅಗಲದ ಐದನೆಯ ಒಂದು ಭಾಗ 1.6 ಮೀಟರ್. ಒಂದು ಇಳಿಜಾರಿನ ಉದ್ದವೇ ಸುಮಾರು 4 ಮೀಟರ್. ಸೂರಿನಿಂದ 1.6, ರಿಡ್ಜ್‌ನಿಂದ 1.6 ತೆಗೆದರೆ ನಡುವೆ ಉಳಿಯುವುದು ಒಂದು ಮೀಟರಿಗೂ ಕಡಿಮೆ. ನಾಲ್ಕೂ ಪರ್ಲಿನ್‌ಗಳು ಯಾವುದಾದರೂ ಒಂದು ಅಂಚಿನ ಪಟ್ಟಿಯಲ್ಲೇ ಬೀಳುತ್ತವೆ. ನಡು ಛಾವಣಿಗೆ ಸ್ಕ್ರೂ ಉಳಿಸುವ ಲೆಕ್ಕ ದೊಡ್ಡ ಗೋದಾಮಿಗೆ ಸರಿ, ಇಷ್ಟು ಸಣ್ಣ ಕಟ್ಟಡದಲ್ಲಿ ಉಳಿಸಲು ನಡು ಎಂಬುದೇ ಇಲ್ಲ.

ಸರಿಪಡಿಸಿದ್ದು ಹೀಗೆ

ನಾಲ್ಕೂ ಪರ್ಲಿನ್‌ಗಳಲ್ಲಿ ಪ್ರತಿ ಏಣಿಗೂ ಸ್ಕ್ರೂ ಹಾಕಿಸಿದೆವು. ಅಂತರ 200 ಮಿಲಿಮೀಟರ್ ಆದಾಗ ಪ್ರತಿ ಸ್ಕ್ರೂವಿನ ಪಾಲು ಅರ್ಧಕ್ಕೆ ಇಳಿಯುತ್ತದೆ. ಬಾಗಿಲು ಕುಸಿದರೂ ಮೂಲೆಯಲ್ಲಿ 1.07 ಕಿಲೋನ್ಯೂಟನ್ ಆಗುತ್ತದೆ, ಮಿತಿಯೊಳಗೆ ಬಂತು, ಆದರೆ ಅಂಚಿನಲ್ಲಿದೆ. ಅದಕ್ಕಾಗಿ ತ್ರಿಕೋನ ಗೋಡೆಯ ಕಡೆಯ 1.6 ಮೀಟರ್ ಪಟ್ಟಿಯಲ್ಲಿ ಸೈಕ್ಲೋನ್ ವಾಷರ್ ಬಳಸಿದೆವು. ಇದು ಏಣಿನ ಆಕಾರಕ್ಕೆ ತಕ್ಕಂತೆ ಬಾಗಿದ, ಅಡಿಯಲ್ಲಿ ರಬ್ಬರ್ ಇರುವ ದೊಡ್ಡ ತಗಡಿನ ತುಂಡು. ಸ್ಕ್ರೂವಿನ ಎಳೆತವನ್ನು ತೂತಿನ ಅಂಚಿಗೆ ಬಿಡದೆ ಏಣಿನ ಎರಡೂ ಇಳಿಜಾರಿಗೆ ಹರಡುತ್ತದೆ, ದಣಿವನ್ನು ತಡೆಯಲು ಇದರಷ್ಟು ಪ್ರಯೋಜನ ಬೇರಾವುದರಿಂದಲೂ ನನಗೆ ಕಂಡಿಲ್ಲ. ಶೀಟಿನ ಏಣಿಗೂ ಆ ವಾಷರ್‌ನ ಆಕಾರಕ್ಕೂ ಹೊಂದಿಕೆ ಇರಲೇಬೇಕು. ಹೊಂದದಿದ್ದರೆ ಅದು ಏಣನ್ನೇ ಜಜ್ಜುತ್ತದೆ.

ಬಿರುಕು ಬಿಟ್ಟ ಶೀಟುಗಳನ್ನು ಬದಲಿಸಿದೆವು. ಸೀಳಿದ ತೂತಿಗೆ ದಪ್ಪ ಸ್ಕ್ರೂ ತುರುಕುವುದು, ಮೇಲೆ ಅಂಟು ಬಳಿಯುವುದು ನೀರನ್ನು ತಡೆಯಬಹುದು, ಎಳೆತವನ್ನು ತಡೆಯುವುದಿಲ್ಲ. ಉಳಿದ ಶೀಟುಗಳಲ್ಲಿ ಎರಡನೆಯ ಮತ್ತು ಮೂರನೆಯ ಸಾಲಿನ ಕೆಲವು ಸ್ಕ್ರೂಗಳನ್ನು ಬಿಚ್ಚಿ, ತೂತನ್ನು ಒರೆಸಿ, ಭೂತಗನ್ನಡಿಯಲ್ಲಿ ನೋಡಿದೆವು. ಕೂದಲೆಳೆಯ ಸೀಳುಗಳು ವಾಷರ್ ಅಡಿಯಲ್ಲೇ ಅಡಗಿರುತ್ತವೆ. ಸ್ಕ್ರೂ ಬಿಚ್ಚದೆ ಛಾವಣಿ ಚೆನ್ನಾಗಿದೆ ಎನ್ನಲು ಬರುವುದಿಲ್ಲ.

ಬಿಗಿಯುವ ಕೈಯ ಬಗ್ಗೆ ಒಂದು ಮಾತು. ರಬ್ಬರ್ ವಾಷರ್ ತಗಡಿನ ಅಂಚಿನಿಂದ ತುಸುವೇ ಹೊರಗೆ ಉಬ್ಬಿ ನಿಂತರೆ ಬಿಗಿತ ಸರಿಯಾಗಿದೆ. ರಬ್ಬರ್ ಹಿಂಡಿ ಹೊರಬಂದಿದ್ದರೆ, ಏಣು ತಟ್ಟೆಯಂತೆ ತಗ್ಗಿದ್ದರೆ ಅತಿಯಾಗಿದೆ. ತಗ್ಗಿದ ಏಣಿನ ಲೋಹ ಮೊದಲೇ ಬಾಗಿ ದಣಿದಿರುತ್ತದೆ, ಗಾಳಿ ಉಳಿದ ಕೆಲಸವನ್ನು ಬೇಗ ಮುಗಿಸುತ್ತದೆ. ವಾಷರ್ ಬೆರಳಲ್ಲಿ ತಿರುಗಿದರೆ ಸಡಿಲ. ಅಂಥ ಸ್ಕ್ರೂ ತನ್ನ ಪಾಲನ್ನು ಪಕ್ಕದವಕ್ಕೆ ಹೊರಿಸುತ್ತದೆ.

ತ್ರಿಕೋನ ಗೋಡೆಯ ಕಡೆಯ ಕೊನೆಯ ಏಣನ್ನು ಯಾವ ಪರ್ಲಿನ್‌ನಲ್ಲೂ ಬಿಡಬಾರದು. ಒಂದು ಬಿಟ್ಟು ಒಂದು ಎಂದು ಎಣಿಸುತ್ತಾ ಬಂದಾಗ ಕೊನೆಯದೇ ಬಿಟ್ಟುಹೋಗುವ ಸಂಭವ ಇರುತ್ತದೆ. ಆ ಶೆಡ್ಡಿನಲ್ಲಿ ಎರಡು ಪರ್ಲಿನ್‌ಗಳ ಮೇಲೆ ಹಾಗೆಯೇ ಆಗಿತ್ತು.

ರಿಡ್ಜ್‌ನಲ್ಲಿ ನೋಡಬೇಕಾದದ್ದು

ನೆತ್ತಿಯನ್ನು ಮುಚ್ಚುವ ತಗಡಾದ ರಿಡ್ಜ್ ಕ್ಯಾಪ್ ಮಾತ್ರ ಹಾರಿ ಶೀಟು ಉಳಿದಿದ್ದರೆ ಮೊದಲು ಆ ಕ್ಯಾಪಿನ ಸ್ಕ್ರೂವಿನ ಉದ್ದವನ್ನು ನೋಡಿ. ಕ್ಯಾಪನ್ನು ಸಣ್ಣ ಸ್ಕ್ರೂ ಅಥವಾ ರಿವೆಟ್ಟಿನಿಂದ ಶೀಟಿಗಷ್ಟೇ ಹೊಲಿದಿದ್ದರೆ ಅದರ ಬಲವೆಲ್ಲ ಅರ್ಧ ಮಿಲಿಮೀಟರ್ ಆಸುಪಾಸಿನ ತಗಡಿನ ಹಿಡಿತದ ಮೇಲೆ ನಿಂತಿತ್ತು. ಸ್ಕ್ರೂ ಕ್ಯಾಪ್ ಮತ್ತು ಶೀಟು ಎರಡನ್ನೂ ದಾಟಿ ಪರ್ಲಿನ್‌ಗೆ ಇಳಿಯಬೇಕು, ಪ್ರತಿ ಏಣಿನಲ್ಲಿ, ಎರಡೂ ಬದಿಯಲ್ಲಿ. ಪರ್ಲಿನ್ ರಿಡ್ಜ್‌ನಿಂದ ದೂರ ಇದ್ದು ಕ್ಯಾಪಿನ ರೆಕ್ಕೆ ಅಲ್ಲಿಗೆ ತಲುಪದಿದ್ದರೆ ಸ್ಕ್ರೂ ಬದಲಿಸಿ ಪ್ರಯೋಜನವಿಲ್ಲ. ಅಗಲವಾದ ಕ್ಯಾಪ್ ಬೇಕು, ಇಲ್ಲವೇ ಹತ್ತಿರದಲ್ಲಿ ಇನ್ನೊಂದು ಪರ್ಲಿನ್ ಬೇಕು. ಕ್ಯಾಪ್ ಹೋದ ಮೇಲೆ ಮಳೆ ಒಳಗೆ ಬೀಳುವುದಷ್ಟೇ ಅಲ್ಲ, ಶೀಟಿನ ಮೇಲ್ತುದಿ ಗಾಳಿಗೆ ಬಾಯಿ ತೆರೆದು ನಿಲ್ಲುತ್ತದೆ. ಅಲ್ಲಿಂದ ಕೆಳಗಿನ ಎರಡನೆಯ ಪರ್ಲಿನ್ ಸೂರಿನ ಕಡೆಯಂತೆಯೇ 1.1 ಭಾಗ ಹೊರುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಸ್ಕ್ರೂ ಹೆಚ್ಚಿಸಿದ ಮೇಲೆ ಉಳಿಯುವ ಕೊಂಡಿ

ಸ್ಕ್ರೂ ಹೆಚ್ಚಿಸಿದರೆ ಒಂದೊಂದು ಸ್ಕ್ರೂವಿನ ಪಾಲು ಇಳಿಯುತ್ತದೆ, ಪರ್ಲಿನ್ ಹೊರುವ ಒಟ್ಟು ಬಲ ಇಳಿಯುವುದಿಲ್ಲ. ಮೊದಲು ಶೀಟು ಹಾರಿ ಪರ್ಲಿನ್ ಉಳಿಯುತ್ತಿತ್ತು, ಈಗ ಶೀಟು ಬಿಡದಿದ್ದರೆ ಆ ಬಲ ಪೂರ್ತಿಯಾಗಿ ರಾಫ್ಟರಿನ ಕೂಡಿಗೆಗೆ ಹೋಗುತ್ತದೆ. ನಮ್ಮ ಶೆಡ್ಡಿನಲ್ಲಿ ರಾಫ್ಟರುಗಳ ಅಂತರ 4 ಮೀಟರ್. ಬಾಗಿಲು ಕುಸಿದಾಗ ಒಂದೂವರೆ ಪಟ್ಟಿನ ಪಟ್ಟಿಯಲ್ಲಿ ಎರಡನೆಯ ಪರ್ಲಿನ್ ಪ್ರತಿ ರಾಫ್ಟರಿನಲ್ಲಿ ಎಳೆಯುವ ಬಲ:

```
(1.35 + 0.7) × 1.5 × 1.1 × 1.3 × 4 = 17.6 kN
```

ಇದು ಸುಮಾರು 1.8 ಟನ್. ಅಲ್ಲಿ ಪ್ರತಿ ಕೂಡಿಗೆಗೆ 12 ಮಿಲಿಮೀಟರಿನ ಒಂದೇ ಸಾಮಾನ್ಯ ಬೋಲ್ಟ್ ಇತ್ತು. ಅಂಥ ಬೋಲ್ಟಿನ ವಿನ್ಯಾಸದ ಬಲ ಸುಮಾರು 15 ಕಿಲೋನ್ಯೂಟನ್. ಎರಡನೆಯ ಬೋಲ್ಟಿಗೆ ತೂತು ಕೊರೆಸಿ ಹಾಕಿಸಿದ ಮೇಲೆಯೇ ನಾನು ಶೀಟು ಹಾಸಲು ಒಪ್ಪಿದ್ದು. ಬಾಗಿಲಿಗೂ ಮೇಲೆ ಕೆಳಗೆ ಗಟ್ಟಿ ಚಿಲಕ ಮತ್ತು ನಡುವೆ ತೆಗೆದು ಹಾಕಬಹುದಾದ ಕಂಬ ಕೊಡಿಸಿದೆವು, ಏಕೆಂದರೆ ಅದು ನಿಂತರೆ ಇದೇ ಬಲ 13.3ಕ್ಕೆ ಇಳಿಯುತ್ತದೆ.

ಕೆಲಸ ಮುಗಿಯುವ ಮುನ್ನ ಹಳೆಯ ಪರ್ಲಿನ್‌ಗಳ ಹಿಡಿತವನ್ನು ಎಳೆದು ನೋಡಿದೆವು. ಎರಡನೆಯ ಸಾಲಿನಲ್ಲಿ, ಮೂಲೆಗೆ ಹತ್ತಿರ ಮತ್ತು ದೂರ ಎರಡೂ ಕಡೆ, ಶೀಟು ಹಾಸುವ ಮೊದಲೇ ಕೆಲವು ಪರೀಕ್ಷಾ ಸ್ಕ್ರೂಗಳನ್ನು ಪರ್ಲಿನ್‌ಗೆ ನೇರವಾಗಿ ಹಾಕಿ ಕೈಯಲ್ಲಿ ಹಿಡಿಯುವ ಎಳೆತಮಾಪಕದಿಂದ 1.6 ಕಿಲೋನ್ಯೂಟನ್‌ವರೆಗೆ, ಅಂದರೆ ಬರಬೇಕಾದ ಬಲದ ಒಂದೂವರೆ ಪಟ್ಟು ಎಳೆದೆವು. ಒಂದು ಕಡೆ ಮಾತ್ರ ಸ್ಕ್ರೂ 1.1ರಲ್ಲೇ ಜಾರಿತು. ಅಲ್ಲಿ ಪರ್ಲಿನ್‌ನ ಒಳಬದಿಯಲ್ಲಿ ವರ್ಷಗಳಿಂದ ನೀರು ನಿಂತು ಉಕ್ಕು ತೆಳುವಾಗಿತ್ತು. ಆ ತುಂಡನ್ನು ಬದಲಿಸಿ ಮತ್ತೆ ಎಳೆದು ನೋಡಿದ ಬಳಿಕ ಆ ಮೂಲೆಯ ಶೀಟನ್ನು ಕೊನೆಯದಾಗಿ ಹಾಸಿದೆವು.